ಅಂಕಿ ಒಂದೇ, ರಕ್ತಹೀನತೆ ಮೂರು

ಮೂವರ ರಕ್ತಪರೀಕ್ಷೆಯ ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯವರು 31 ವರ್ಷದ ಮಹಿಳೆ. ಎರಡನೇ ಹೆರಿಗೆಯಾದಾಗಿನಿಂದ ಅವರಿಗೆ ಮುಟ್ಟಿನ ಸ್ರಾವ ವಿಪರೀತ. ಎರಡನೆಯವರು 52 ವರ್ಷದ ರೈತ. ಎರಡು ತಿಂಗಳಿಂದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ, ಅಂಗಿ ಸಡಿಲವಾಗುವಷ್ಟು ತೂಕ ಇಳಿದಿದೆ. ಮೂರನೆಯವರು 48 ವರ್ಷದ ಮಹಿಳೆ. ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದು, ನೋವಿನ ಮಾತ್ರೆ ನುಂಗದೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಈ ಮೂವರೂ ಈ ಲೇಖನಕ್ಕಾಗಿ ಕಟ್ಟಿಕೊಂಡ ಉದಾಹರಣೆಗಳು. ಆದರೆ ಇಂಥವರು ಯಾವ ಊರಿನ ಆಸ್ಪತ್ರೆಯಲ್ಲೂ ಸಿಗುತ್ತಾರೆ.

ಮೂವರಿಗೂ ಸುಸ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ ಕ್ರಮವಾಗಿ 8.4, 9.8 ಮತ್ತು 8.6 ಗ್ರಾಂ. ಮೂವರ ಸೀರಂ ಐರನ್ ಮಾತ್ರ ಒಂದೇ: 100 ಮಿಲಿಲೀಟರಿಗೆ 28 ಮೈಕ್ರೊಗ್ರಾಂ. ಸಾಮಾನ್ಯವಾಗಿ ಅದು 60ರಿಂದ 170ರ ನಡುವೆ ಇರಬೇಕು. ವರದಿಯಲ್ಲಿ ಆ 28ರ ಪಕ್ಕ ಕೆಳಮುಖದ ಬಾಣ ಅಚ್ಚಾಗಿರುತ್ತದೆ. ಅದನ್ನು ನೋಡಿದ ಯಾರಿಗಾದರೂ ತಕ್ಷಣ ತೋಚುವುದು ಒಂದೇ: ಕಬ್ಬಿಣಾಂಶ ಕಡಿಮೆ, ಐರನ್ ಮಾತ್ರೆ ಕೊಡಿ. ಮೊದಲನೆಯವರಿಗೆ ಇದು ಸರಿಯಾದ ಚಿಕಿತ್ಸೆ. ಎರಡನೆಯವರಿಗೆ ಆ ಮಾತ್ರೆಯಿಂದ ಹೆಚ್ಚೇನೂ ಆಗದು. ಅಷ್ಟೇ ಅಲ್ಲ, ಅವರ ನಿಜವಾದ ಕಾಯಿಲೆ ಇನ್ನೂ ಒಂದೆರಡು ತಿಂಗಳು ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ಮೂರನೆಯವರ ವಿಷಯದಲ್ಲಿ ಅದು ಅರ್ಧ ಸರಿ, ಅರ್ಧ ತಪ್ಪು. ಒಂದೇ ಅಂಕಿಯ ಹಿಂದೆ ಮೂರು ಬೇರೆ ಸ್ಥಿತಿಗಳು ಇರಲು ಹೇಗೆ ಸಾಧ್ಯ ಎಂಬುದು ಗೊತ್ತಾಗಬೇಕಾದರೆ, ಮೈಯಲ್ಲಿ ಕಬ್ಬಿಣ ಹೇಗೆ ಸುತ್ತುತ್ತದೆ ಎಂದು ಮೊದಲು ತಿಳಿಯಬೇಕು.

ವಯಸ್ಕರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹಿಮೋಗ್ಲೋಬಿನ್ ಒಳಗೇ ಕೂತಿರುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಳೆಯದಾದ ಕಣಗಳನ್ನು ಗುಲ್ಮ ಮತ್ತು ಯಕೃತ್ತಿನಲ್ಲಿರುವ ಭಕ್ಷಕ ಕೋಶಗಳು ನುಂಗಿ, ಒಡೆದು, ಕಬ್ಬಿಣವನ್ನು ಬೇರ್ಪಡಿಸುತ್ತವೆ. ಹೊಸ ಕಣಗಳನ್ನು ತಯಾರಿಸುವ ಅಸ್ಥಿಮಜ್ಜೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ದಿನಕ್ಕೆ ಒಳಗೆ ಹೋಗುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ ಹಳೆಯ ಕಣಗಳಿಂದ ಮರಳಿ ಬಂದದ್ದು. ಅಂದರೆ ರಕ್ತ ತಯಾರಿ ನಡೆಯುವುದು ಬಹುಮಟ್ಟಿಗೆ ಹಳೆಯ ಕಬ್ಬಿಣದ ಮರುಬಳಕೆಯಿಂದ. ಮುಂದೆ ಬರುವ ಎಲ್ಲಕ್ಕೂ ಈ ಮಾತೇ ಬುನಾದಿ.

ಇದನ್ನು ಹಳ್ಳಿಯ ಕಣಜ ಮತ್ತು ಗಾಡಿಗಳ ರೂಪದಲ್ಲಿ ನೆನಪಿಟ್ಟುಕೊಳ್ಳಬಹುದು. ಭಕ್ಷಕ ಕೋಶಗಳೂ ಯಕೃತ್ತೂ ಕಣಜ. ಅಲ್ಲಿ ಕಬ್ಬಿಣವನ್ನು ತುಂಬಿಡುವ ಪ್ರೋಟೀನ್ ಫೆರಿಟಿನ್. ಅದರ ಒಂದೊಂದು ಟೊಳ್ಳು ಗೋಲದಲ್ಲಿ 4500ರವರೆಗೆ ಕಬ್ಬಿಣದ ಪರಮಾಣುಗಳು ಹಿಡಿಯುತ್ತವೆ. ಕಣಜದಿಂದ ಮಜ್ಜೆಗೆ ಸಾಗಿಸುವ ಗಾಡಿ ಟ್ರಾನ್ಸ್‌ಫೆರಿನ್, ಯಕೃತ್ತು ತಯಾರಿಸುವ ಇನ್ನೊಂದು ಪ್ರೋಟೀನ್. ಯಾವುದೇ ಕ್ಷಣದಲ್ಲಿ ಎಲ್ಲ ಗಾಡಿಗಳ ಮೇಲೂ ಸೇರಿ ಇರುವ ಸರಕು 3ರಿಂದ 4 ಮಿಲಿಗ್ರಾಂ, ಅಷ್ಟೇ. ಸೀರಂ ಐರನ್ ಎಂದು ಪ್ರಯೋಗಾಲಯ ಅಳೆಯುವುದು ಈ ಸರಕನ್ನು. ರಸ್ತೆಯಲ್ಲಿ ಸರಕು ಕಡಿಮೆ ಇದೆ ಎಂದರೆ ಕಣಜ ಬರಿದಾಗಿರಬಹುದು. ಕಣಜ ತುಂಬಿದ್ದು ಬಾಗಿಲಿಗೆ ಬೀಗ ಬಿದ್ದಿರಲೂಬಹುದು. ರಸ್ತೆಯನ್ನಷ್ಟೇ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಹಾಗಾಗಿ ಉಳಿದ ಎರಡು ಅಂಕಿಗಳು ಬೇಕು. ಟಿಐಬಿಸಿ ಎಂಬ ಪರೀಕ್ಷೆ, ರಕ್ತದಲ್ಲಿರುವ ಟ್ರಾನ್ಸ್‌ಫೆರಿನ್ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಎಂದು ಹೇಳುತ್ತದೆ. ಸಾಮಾನ್ಯ ಮಟ್ಟ ಸುಮಾರು 250ರಿಂದ 450. ಸೀರಂ ಐರನ್ ಅನ್ನು ಟಿಐಬಿಸಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವುದೇ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ಹೊರಬಲ್ಲದ್ದರಲ್ಲಿ ನಿಜಕ್ಕೂ ತುಂಬಿರುವುದು ಶೇಕಡ ಎಷ್ಟು ಎಂಬ ಲೆಕ್ಕ. ಇದು 20ಕ್ಕಿಂತ ಕೆಳಗಿಳಿದರೆ ಮಜ್ಜೆಗೆ ಕಬ್ಬಿಣ ಸಾಲದೆ ಬರುತ್ತಿದೆ ಎಂದು ತಿಳಿಯುತ್ತಾರೆ. ಇನ್ನು ರಕ್ತದ ಫೆರಿಟಿನ್. ಕಣಜದಿಂದ ತುಸುವೇ ಹೊರಗೆ ಬರುವ ಈ ಪ್ರೋಟೀನಿನ ಪ್ರಮಾಣ ಒಳಗಿನ ದಾಸ್ತಾನಿಗೆ ತಕ್ಕಂತೆ ಏರಿಳಿಯುತ್ತದೆ. ಆರೋಗ್ಯವಂತರಲ್ಲಿ ಮಿಲಿಲೀಟರಿಗೆ 1 ನ್ಯಾನೊಗ್ರಾಂ ಫೆರಿಟಿನ್ ಇದ್ದರೆ ದಾಸ್ತಾನಿನಲ್ಲಿ ಸುಮಾರು 8 ಮಿಲಿಗ್ರಾಂ ಕಬ್ಬಿಣ ಇದೆ ಎಂಬ ಅಂದಾಜು ಇದೆ. ‘ಆರೋಗ್ಯವಂತರಲ್ಲಿ’ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡಿರಿ. ತೊಡಕೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲ ಮಹಿಳೆಯ ವರದಿ ಓದಲು ಸುಲಭ. ಸೀರಂ ಐರನ್ 28, ಟಿಐಬಿಸಿ 466, ಸ್ಯಾಚುರೇಶನ್ ಶೇಕಡ 6, ಫೆರಿಟಿನ್ 6. ಒಂದು ಮಿಲಿಲೀಟರ್ ರಕ್ತ ಹೋದರೆ ಅರ್ಧ ಮಿಲಿಗ್ರಾಂನಷ್ಟು ಕಬ್ಬಿಣ ಹೋಗುತ್ತದೆ. ತಿಂಗಳಿಗೆ 120 ಮಿಲಿಲೀಟರ್ ಹೋಗುವವರು ಸುಮಾರು 60 ಮಿಲಿಗ್ರಾಂ ಕಳೆದುಕೊಳ್ಳುತ್ತಾರೆ. ಊಟದಿಂದ ತಿಂಗಳಿಗೆ ಬರುವುದೆಲ್ಲ ಇದಕ್ಕೇ ತೀರಿಹೋಗುತ್ತದೆ. ಚರ್ಮ, ಕರುಳುಗಳಿಂದ ದಿನವೂ ಸವೆಯುವುದಕ್ಕೆ ಏನೂ ಉಳಿಯುವುದಿಲ್ಲ. ಮೊದಲು ದಾಸ್ತಾನು ಕರಗಿ ಫೆರಿಟಿನ್ ಇಳಿಯುತ್ತದೆ. ಆಗ ಹಿಮೋಗ್ಲೋಬಿನ್ ಇನ್ನೂ ಚೆನ್ನಾಗಿಯೇ ಇರುತ್ತದೆ. ದಾಸ್ತಾನು ಮುಗಿದ ಮೇಲೆ ಯಕೃತ್ತು ಸಿಕ್ಕಷ್ಟು ಕಬ್ಬಿಣವನ್ನಾದರೂ ಹಿಡಿಯಲೆಂದು ಹೆಚ್ಚು ಟ್ರಾನ್ಸ್‌ಫೆರಿನ್ ತಯಾರಿಸುತ್ತದೆ. ಟಿಐಬಿಸಿ ಏರುವುದು ಅದರಿಂದ. ಗಾಡಿಗಳು ಹೆಚ್ಚಾಗಿ ಸರಕು ಕಡಿಮೆಯಾದಾಗ ಸ್ಯಾಚುರೇಶನ್ ಕುಸಿಯುತ್ತದೆ. ಹಿಮೋಗ್ಲೋಬಿನ್ ಇಳಿದು, ಕೆಂಪುಕಣಗಳು ಸಣ್ಣಗಾಗಿ ಬಿಳಿಚಿಕೊಳ್ಳುವುದು ಕೊನೆಯ ಹಂತ. ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆಯೆಂದು ಧೈರ್ಯವಾಗಿ ಹೇಳಬಹುದು. ಅಷ್ಟು ಕೆಳಗೆ ಅದನ್ನು ಎಳೆಯುವ ಬೇರೆ ಕಾರಣಗಳು ತೀರಾ ಅಪರೂಪ. ಅನೇಕ ವೈದ್ಯರು 30ರ ಕೆಳಗಿದ್ದರೂ ಕೊರತೆಯೆಂದೇ ಪರಿಗಣಿಸುತ್ತಾರೆ. ಅದು ಸರಿಯಾದ ರೂಢಿ ಎಂದು ನನಗೂ ಅನ್ನಿಸುತ್ತದೆ. 20ರ ಆಸುಪಾಸಿನಲ್ಲಿರುವ ಎಷ್ಟೋ ಹೆಣ್ಣುಮಕ್ಕಳಿಗೆ ‘ವರದಿ ನಾರ್ಮಲ್’ ಎಂದು ಹೇಳಿ ಕಳಿಸುವುದರಿಂದ ಯಾರಿಗೂ ಉಪಕಾರವಾಗಿಲ್ಲ.

ರೈತನ ವರದಿಯಲ್ಲಿ ಸೀರಂ ಐರನ್ ಅದೇ 28. ಆದರೆ ಟಿಐಬಿಸಿ 200, ಸ್ಯಾಚುರೇಶನ್ ಶೇಕಡ 14, ಫೆರಿಟಿನ್ 380. ಕಣಗಳ ಗಾತ್ರ ಹೆಚ್ಚುಕಡಿಮೆ ಸಾಮಾನ್ಯ. ಉರಿಯೂತವನ್ನು ಅಳೆಯುವ ಸಿಆರ್‌ಪಿ, 5ರ ಆಸುಪಾಸಿನಲ್ಲಿ ಇರಬೇಕಾದದ್ದು, 70ಕ್ಕೇರಿದೆ. ಕಫದ ಪರೀಕ್ಷೆಯಲ್ಲಿ ಕ್ಷಯ ಸಿಕ್ಕಿದೆ. ಇಲ್ಲಿ ದಾಸ್ತಾನಿಗೆ ಕೊರತೆಯಿಲ್ಲ. ಅದು ಹೊರಗೆ ಬರುತ್ತಿಲ್ಲ, ಅಷ್ಟೇ.

ದೀರ್ಘ ಸೋಂಕಿನವರ ರಕ್ತದಲ್ಲಿ ಕಬ್ಬಿಣ ಇಳಿಯುತ್ತದೆ, ಆದರೆ ದೇಹದಲ್ಲಿ ಅದು ಸಾಕಷ್ಟಿದೆ ಎಂಬ ಒಗಟನ್ನು 1940ರ ದಶಕದಲ್ಲಿ ಅಮೆರಿಕದ ಯೂಟಾದಲ್ಲಿ ಜಾರ್ಜ್ ಕಾರ್ಟ್‌ರೈಟ್ ಮತ್ತು ಮ್ಯಾಕ್ಸ್‌ವೆಲ್ ವಿಂಟ್ರೋಬ್ ಎಂಬ ರಕ್ತತಜ್ಞರು ಸರಣಿ ಅಧ್ಯಯನಗಳಲ್ಲಿ ಹಿಡಿದು ನೋಡಿದರು. ಬೀಗ ಹಾಕುವವರು ಯಾರೆಂದು ಮಾತ್ರ ಅರ್ಧ ಶತಮಾನ ಗೊತ್ತಾಗಲಿಲ್ಲ. 2000ದ ಆಸುಪಾಸಿನಲ್ಲಿ ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನ್ ಪತ್ತೆಯಾಯಿತು. ಬರೀ 25 ಅಮೈನೊ ಆಮ್ಲಗಳ ಈ ಸರಪಳಿಯನ್ನು ತಯಾರಿಸುವುದು ಯಕೃತ್ತು. 2004ರಲ್ಲಿ ಅದರ ಕೆಲಸದ ಬಗೆಯೂ ಸ್ಪಷ್ಟವಾಯಿತು. ಕೋಶದಿಂದ ಕಬ್ಬಿಣ ಹೊರಬರಲು ಇರುವ ಒಂದೇ ಬಾಗಿಲು ಫೆರೊಪೋರ್ಟಿನ್ ಎಂಬ ಪ್ರೋಟೀನ್. ಹೆಪ್ಸಿಡಿನ್ ಹೋಗಿ ಅದಕ್ಕೆ ಅಂಟಿಕೊಂಡರೆ ಕೋಶವು ಆ ಬಾಗಿಲನ್ನೇ ಒಳಗೆಳೆದು ಕರಗಿಸಿಬಿಡುತ್ತದೆ. ಸೋಂಕು ಅಥವಾ ಉರಿಯೂತ ಇದ್ದಾಗ ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಯಕೃತ್ತಿಗೆ ತಲುಪಿ, ಹೆಪ್ಸಿಡಿನ್ ಉತ್ಪಾದನೆ ಏರುತ್ತದೆ. ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು, ಅವಕ್ಕೆ ಸಿಗದಂತೆ ಬಚ್ಚಿಡುವುದು ದೇಹದ ಹಳೆಯ ರಕ್ಷಣಾ ಕ್ರಮ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಕೆಲವು ದಿನಗಳ ಜ್ವರಕ್ಕೆ ಈ ಕ್ರಮ ಸರಿ. ತಿಂಗಳುಗಟ್ಟಲೆ ಎಳೆದರೆ ಮಜ್ಜೆ ಉಪವಾಸ ಬೀಳುತ್ತದೆ.

ಕರುಳಿನಿಂದ ಕಬ್ಬಿಣ ರಕ್ತಕ್ಕೆ ದಾಟುವುದೂ ಇದೇ ಬಾಗಿಲಿನಿಂದ. ಉರಿಯೂತ ಜೋರಾಗಿರುವವರು ನುಂಗಿದ ಐರನ್ ಮಾತ್ರೆ ಸರಿಯಾಗಿ ಮೈಗೆ ಹತ್ತದಿರಲು ಕಾರಣ ಇದು. ರೈತನಿಗೆ ಬೇಕಾದದ್ದು ಆರು ತಿಂಗಳ ಕ್ಷಯದ ಚಿಕಿತ್ಸೆ. ಸೋಂಕು ಇಳಿದಂತೆ ಹೆಪ್ಸಿಡಿನ್ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ, ಹಿಮೋಗ್ಲೋಬಿನ್ ತಾನಾಗಿ ಮೇಲೇರುತ್ತದೆ. ದೀರ್ಘಕಾಲದ ಕಾಯಿಲೆಯ ರಕ್ತಹೀನತೆ ಎಂದು ಕರೆಯುವುದು ಈ ಸ್ಥಿತಿಯನ್ನು. ಕ್ಷಯ, ಸಂಧಿವಾತ, ಕರುಳಿನ ಉರಿಯೂತ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ ಇವುಗಳಲ್ಲೆಲ್ಲ ಇದು ಕಾಣಿಸಿಕೊಳ್ಳುತ್ತದೆ.

ಈ ಎರಡು ವರದಿಗಳನ್ನು ಬೇರ್ಪಡಿಸಿದ್ದು ಸೀರಂ ಐರನ್ ಅಲ್ಲ ಎಂಬುದನ್ನು ಗಮನಿಸಿ. ಸ್ಯಾಚುರೇಶನ್ ಕೂಡ ಒಂಟಿಯಾಗಿ ಪೂರ್ತಿ ನೆರವಾಗಲಿಲ್ಲ. 6 ಮತ್ತು 14 ಎರಡೂ 20ಕ್ಕಿಂತ ಕಡಿಮೆಯೇ. ಉರಿಯೂತದಲ್ಲಿ ಯಕೃತ್ತು ಟ್ರಾನ್ಸ್‌ಫೆರಿನ್ ತಯಾರಿಕೆಯನ್ನು ತಗ್ಗಿಸುವುದರಿಂದ ಟಿಐಬಿಸಿ ಇಳಿಯುತ್ತದೆ, ಹಾಗಾಗಿ ಸ್ಯಾಚುರೇಶನ್ ತೀರಾ ಪಾತಾಳಕ್ಕೆ ಹೋಗದೆ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ದೊಡ್ಡ ಅಂತರ ಇದ್ದದ್ದು ಟಿಐಬಿಸಿಯಲ್ಲಿ ಮತ್ತು ಫೆರಿಟಿನ್‌ನಲ್ಲಿ.

ಹಿಂದೆ ದಾಸ್ತಾನನ್ನು ನೇರವಾಗಿ ನೋಡಬೇಕಾದರೆ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು, ಕಬ್ಬಿಣ ಇದ್ದಲ್ಲಿ ನೀಲಿಯಾಗುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅನುಮಾನ ಬಗೆಹರಿಯದಾಗ ಈಗಲೂ ಅದೇ ಕೊನೆಯ ಸಾಕ್ಷಿ. 1972ರಲ್ಲಿ ಬ್ರಿಟನ್ನಿನ ವೇಲ್ಸ್‌ನ ಕಾರ್ಡಿಫ್‌ನಲ್ಲಿ, ರಕ್ತದಲ್ಲಿನ ಅತ್ಯಲ್ಪ ಫೆರಿಟಿನ್ ಅನ್ನು ಅಳೆಯುವ ವಿಧಾನ ಸಿದ್ಧವಾದ ಮೇಲೆ ಬಹಳ ಮಂದಿಗೆ ಆ ಸೂಜಿಯ ನೋವು ತಪ್ಪಿತು. ಆದರೆ ಫೆರಿಟಿನ್‌ಗೆ ಒಂದು ಗುಣವಿದೆ: ದಾಸ್ತಾನು ಹೆಚ್ಚದಿದ್ದರೂ ಉರಿಯೂತದಲ್ಲಿ ಅದು ಏರುತ್ತದೆ. ಯಕೃತ್ತಿಗೆ ಪೆಟ್ಟಾದಾಗ, ಮದ್ಯ ಹೆಚ್ಚಾದಾಗ, ಡೆಂಗಿಯಂಥ ಜ್ವರದಲ್ಲಿ ಅದು ನೂರಾರು, ಕೆಲವೊಮ್ಮೆ ಸಾವಿರಾರು ದಾಟುತ್ತದೆ. ಕಡಿಮೆ ಫೆರಿಟಿನ್ ನಂಬಲರ್ಹ ಸಾಕ್ಷಿ. ಸಾಮಾನ್ಯ ಅಥವಾ ಹೆಚ್ಚಿನ ಫೆರಿಟಿನ್ ಹಾಗಲ್ಲ. ಅದನ್ನು ಓದುವಾಗ ಸಿಆರ್‌ಪಿ ಪಕ್ಕದಲ್ಲಿ ಇರಲೇಬೇಕು.

ಇಷ್ಟನ್ನು ಕೈಯಲ್ಲಿ ಹಿಡಿದು ಮೂರನೇ ವರದಿಗೆ ಬರೋಣ. ಸಂಧಿವಾತದ ಈ ಮಹಿಳೆಯ ಸೀರಂ ಐರನ್ 28, ಟಿಐಬಿಸಿ 280, ಸ್ಯಾಚುರೇಶನ್ ಶೇಕಡ 10. ಫೆರಿಟಿನ್ 64. ಸಿಆರ್‌ಪಿ 48. ಕೆಂಪುಕಣಗಳ ಸರಾಸರಿ ಗಾತ್ರ, ಅಂದರೆ ಎಂಸಿವಿ, 76. ಸಾಮಾನ್ಯವಾಗಿ 80ಕ್ಕಿಂತ ಹೆಚ್ಚಿರಬೇಕು. ವರದಿಯಲ್ಲಿ ಫೆರಿಟಿನ್ ಪಕ್ಕ ಯಾವ ಬಾಣವೂ ಇಲ್ಲ, ಏಕೆಂದರೆ ಪ್ರಯೋಗಾಲಯದ ಮಿತಿ 15ರಿಂದ 200. ಟಿಐಬಿಸಿಯೂ ಮಿತಿಯೊಳಗೇ ಇದೆ. ಅವಸರದಲ್ಲಿ ನೋಡಿದವರು ‘ದಾಸ್ತಾನು ಇದೆ, ಸಂಧಿವಾತದ್ದೇ ರಕ್ತಹೀನತೆ’ ಎಂದು ಬರೆದು ಮುಂದಿನ ರೋಗಿಯನ್ನು ಕರೆಯುತ್ತಾರೆ.

ನಿಧಾನವಾಗಿ ನೋಡಿದರೆ ಒಂದೊಂದೇ ಅಂಕಿ ಅನುಮಾನ ಹುಟ್ಟಿಸುತ್ತದೆ. ಸಿಆರ್‌ಪಿ 48 ಇರುವಷ್ಟು ಉರಿಯೂತದಲ್ಲಿ, ದಾಸ್ತಾನು ಚೆನ್ನಾಗಿದ್ದರೆ, ಫೆರಿಟಿನ್ ನೂರನ್ನು ಸುಲಭವಾಗಿ ದಾಟಬೇಕಿತ್ತು. ಉರಿಯೂತ ಮೇಲಕ್ಕೆ ತಳ್ಳುತ್ತಿದ್ದರೂ ಅದು 64ಕ್ಕೇ ನಿಂತಿದೆ ಎಂದರೆ ಕೆಳಗಿನಿಂದ ಏನೋ ಎಳೆಯುತ್ತಿದೆ. ಟಿಐಬಿಸಿಯ ಕಥೆಯೂ ಹಾಗೆಯೇ. ಬರೀ ಉರಿಯೂತವಾಗಿದ್ದರೆ ರೈತನದರಂತೆ 200ರ ಕಡೆಗೆ ಇಳಿಯಬೇಕಿತ್ತು, ಬರೀ ಕೊರತೆಯಾಗಿದ್ದರೆ 450 ದಾಟಬೇಕಿತ್ತು. ಎರಡೂ ಒತ್ತಡಗಳು ಸೇರಿದಾಗ ಅದು ನಡುವೆ ನಿಲ್ಲುತ್ತದೆ, ನೋಡುವವರಿಗೆ ‘ನಾರ್ಮಲ್’ ಎನ್ನಿಸುತ್ತದೆ. ಸಾಮಾನ್ಯವೆಂದು ಕಾಣುವ ಎರಡು ಅಂಕಿಗಳು ಎರಡು ಕಾಯಿಲೆಗಳು ಒಂದನ್ನೊಂದು ಮರೆಮಾಡಿದ ಫಲ. ಕಣಗಳು ಸಣ್ಣಗಾಗಿರುವುದೂ ಅನುಮಾನವನ್ನು ಬಲಪಡಿಸುತ್ತದೆ. ಬರೀ ದೀರ್ಘಕಾಯಿಲೆಯ ರಕ್ತಹೀನತೆಯಲ್ಲಿ ಕಣಗಳು ಹೆಚ್ಚಾಗಿ ಸಾಮಾನ್ಯ ಗಾತ್ರದಲ್ಲೇ ಇರುತ್ತವೆ. (ಸಣ್ಣ ಕಣಗಳಿಗೆ ಥಲಸ್ಸೀಮಿಯಾದ ವಾಹಕರಾಗಿರುವುದೂ ಕಾರಣವಿರಬಹುದು. ಹಾಗಿದ್ದರೆ ಹಳೆಯ ವರದಿಗಳಲ್ಲೂ ಎಂಸಿವಿ ಕಡಿಮೆ ಇರುತ್ತದೆ. ಇವರದು ಎರಡು ವರ್ಷದ ಹಿಂದೆ 87 ಇತ್ತು.)

ಈ ಕಾರಣಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಎರಡು ಗೆರೆಗಳನ್ನು ಎಳೆದಿದೆ. ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ಕೊರತೆ. ಸೋಂಕು ಅಥವಾ ಉರಿಯೂತ ಇರುವವರಲ್ಲಿ 70ಕ್ಕಿಂತ ಕಡಿಮೆ ಇದ್ದರೇ ಕೊರತೆ. ಕರುಳಿನ ಉರಿಯೂತಕ್ಕೆ ಚಿಕಿತ್ಸೆ ಕೊಡುವ ತಜ್ಞರು 100ರವರೆಗೂ ಅನುಮಾನ ಬಿಡುವುದಿಲ್ಲ. ಮೂತ್ರಪಿಂಡ ಮತ್ತು ಹೃದಯ ವೈಫಲ್ಯದ ತಜ್ಞರ ಗೆರೆಗಳು ಇನ್ನೂ ಮೇಲಿವೆ. ಇವೆಲ್ಲ ಪ್ರಕೃತಿ ಎಳೆದ ಗೆರೆಗಳಲ್ಲ. 68ಕ್ಕೂ 72ಕ್ಕೂ ನಡುವೆ ರೋಗಿಯ ಮೈಯಲ್ಲಿ ಏನೂ ಬದಲಾಗುವುದಿಲ್ಲ. ಉರಿಯೂತವಿರುವವರಲ್ಲಿ ಸ್ಯಾಚುರೇಶನ್ 20ಕ್ಕಿಂತ ಕಡಿಮೆ, ಫೆರಿಟಿನ್ 30ರಿಂದ 100ರ ನಡುವೆ ಇದ್ದರೆ ಎರಡೂ ಬೆರೆತಿರಬಹುದು ಎಂದು ಅನುಮಾನಿಸಿ ಮುಂದೆ ಹುಡುಕಬೇಕು ಎಂಬುದಷ್ಟೇ ಇದರ ತಿರುಳು.

ಮುಂದೆ ಹುಡುಕಲು ಒಂದು ಪರೀಕ್ಷೆ ಇದೆ, ದೊಡ್ಡ ಊರುಗಳ ಪ್ರಯೋಗಾಲಯಗಳಲ್ಲಿ ಮಾಡಿಸಬಹುದು. ಕಬ್ಬಿಣಕ್ಕಾಗಿ ಹಸಿದ ಮಜ್ಜೆಯ ಕೋಶಗಳು ಟ್ರಾನ್ಸ್‌ಫೆರಿನ್ ಅನ್ನು ಹಿಡಿಯುವ ಗ್ರಾಹಕಗಳನ್ನು ಮೈಮೇಲೆ ಹೆಚ್ಚು ಬೆಳೆಸಿಕೊಳ್ಳುತ್ತವೆ. ಅವುಗಳ ತುಣುಕುಗಳು ಕಳಚಿ ರಕ್ತಕ್ಕೆ ಸೇರುತ್ತವೆ. ಇದನ್ನು ಸಾಲ್ಯುಬಲ್ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಎಂದು ಅಳೆಯುತ್ತಾರೆ. ಫೆರಿಟಿನ್‌ನಂತೆ ಉರಿಯೂತ ಇದನ್ನು ಹೆಚ್ಚಿಸುವುದಿಲ್ಲ ಎಂಬುದೇ ಇದರ ಬೆಲೆ. ಈ ಅಂಕಿಯನ್ನು ಫೆರಿಟಿನ್‌ನ ಲಾಗರಿದಮ್‌ನಿಂದ ಭಾಗಿಸಿ ಒಂದು ಸೂಚ್ಯಂಕ ತೆಗೆಯುತ್ತಾರೆ. 1ಕ್ಕಿಂತ ಕಡಿಮೆ ಬಂದರೆ ಬರೀ ದೀರ್ಘಕಾಯಿಲೆಯದು, 2ಕ್ಕಿಂತ ಹೆಚ್ಚು ಬಂದರೆ ಕೊರತೆಯೂ ಇದೆ. ನಮ್ಮ ಮೂರನೆಯವರಲ್ಲಿ ರಿಸೆಪ್ಟರ್ 5.4 ಬಂತು ಎನ್ನೋಣ. 64ರ ಲಾಗರಿದಮ್ 1.8. ಭಾಗಿಸಿದರೆ 3. ಕೊರತೆ ಖಚಿತ. ಒಂದು ಎಚ್ಚರಿಕೆ: ಬೇರೆ ಬೇರೆ ಕಂಪನಿಗಳ ಕಿಟ್‌ಗಳು ಈ ರಿಸೆಪ್ಟರ್ ಅನ್ನು ಬೇರೆ ಬೇರೆ ಅಳತೆಯಲ್ಲಿ ತೋರಿಸುತ್ತವೆ. ಹಾಗಾಗಿ ಒಂದು ಕಿಟ್‌ನ ಗಡಿಯನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ.

ಈಗ ನಿಜವಾದ ಪ್ರಶ್ನೆ ಏಳುತ್ತದೆ. ಈ ಕಬ್ಬಿಣ ಎಲ್ಲಿಗೆ ಹೋಯಿತು? ಇವರಿಗೆ ಮುಟ್ಟು ನಿಂತು ಎರಡು ವರ್ಷವಾಗಿದೆ. ಆದರೆ ಆರು ವರ್ಷದಿಂದ ಖಾಲಿ ಹೊಟ್ಟೆಯಲ್ಲೂ ನೋವಿನ ಮಾತ್ರೆ ನುಂಗುತ್ತಿದ್ದಾರೆ. ಇಂಥ ಮಾತ್ರೆಗಳು ಜಠರದ ಒಳಪದರವನ್ನು ಕೆರೆಯುವುದು ಗೊತ್ತಿರುವ ಸಂಗತಿ. ದಿನಕ್ಕೆ 5 ಮಿಲಿಲೀಟರ್, ಒಂದು ಚಮಚದಷ್ಟು ರಕ್ತ ಸೋರಿದರೆ ಎರಡೂವರೆ ಮಿಲಿಗ್ರಾಂ ಕಬ್ಬಿಣ ಹೋದಂತೆ. ಊಟದಿಂದ ಬರುವುದಕ್ಕಿಂತ ಅದು ಹೆಚ್ಚು. ಅಷ್ಟು ರಕ್ತ ಹೋದರೆ ಮಲ ಕಪ್ಪಾಗುವುದಿಲ್ಲ; ಕಪ್ಪಾಗಲು 50 ಮಿಲಿಲೀಟರಿನಷ್ಟಾದರೂ ಬೇಕು. ಇನ್ನು ಐರನ್ ಮಾತ್ರೆ ನುಂಗುವವರ ಮಲ ಹೇಗಿದ್ದರೂ ಕಪ್ಪಾಗಿಯೇ ಇರುತ್ತದೆ, ಹಾಗಾಗಿ ಕಣ್ಣಿನ ನೋಟವನ್ನು ನಂಬಿ ಕೂರುವಂತಿಲ್ಲ. ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ ಎರಡು ಹುಣ್ಣುಗಳು ಕಂಡವು. ‘ಸಂಧಿವಾತದ ರಕ್ತಹೀನತೆ’ ಎಂದು ಬರೆದು ಬಿಟ್ಟಿದ್ದರೆ ಆ ಹುಣ್ಣುಗಳು ಸೋರುತ್ತಲೇ ಇರುತ್ತಿದ್ದವು. ಮುಟ್ಟು ನಿಂತ ಮಹಿಳೆಯರಲ್ಲಿ ಮತ್ತು ಗಂಡಸರಲ್ಲಿ ಕಬ್ಬಿಣದ ಕೊರತೆ ಸಿಕ್ಕಿತೆಂದರೆ ಜಠರವನ್ನೂ ದೊಡ್ಡ ಕರುಳನ್ನೂ ನೋಡಲೇಬೇಕು ಎಂದು ವೈದ್ಯರು ಒತ್ತಾಯಿಸುವುದು ಇದಕ್ಕೇ. ಕರುಳಿನ ಕ್ಯಾನ್ಸರ್ ಎಷ್ಟೋ ಸಲ ಮೊದಲು ಬರೀ ಇಂಥ ಕೊರತೆಯಾಗಿ ತೋರಿಕೊಳ್ಳುತ್ತದೆ. ಎರಡು ರಕ್ತಹೀನತೆಗಳನ್ನು ಬೇರ್ಪಡಿಸುವುದು ಔಷಧಿ ಆರಿಸಲು ಮಾತ್ರವಲ್ಲ. ಮುಂದೆ ದೇಹದ ಯಾವ ಭಾಗವನ್ನು ತಪಾಸಣೆ ಮಾಡಬೇಕು ಎಂಬುದನ್ನೂ ಅದೇ ತೀರ್ಮಾನಿಸುತ್ತದೆ.

ಈ ಅಂಕಿಗಳನ್ನು ಕೆಡಿಸುವ ಕೆಲವು ಸಣ್ಣ ಸಂಗತಿಗಳನ್ನು ರೋಗಿಗಳು ತಾವೇ ತಪ್ಪಿಸಬಹುದು. ಸೀರಂ ಐರನ್ ಒಂದೇ ದಿನದಲ್ಲಿ ಸಾಕಷ್ಟು ಏರಿಳಿಯುತ್ತದೆ. ಬೆಳಿಗ್ಗೆ ಐರನ್ ಮಾತ್ರೆ ನುಂಗಿ ಮೂರು ಗಂಟೆಯ ನಂತರ ರಕ್ತ ಕೊಟ್ಟರೆ, ಕೊರತೆ ಇರುವವರಲ್ಲೂ ಅದು ಸಾಮಾನ್ಯಕ್ಕೆ ಜಿಗಿದಿರುತ್ತದೆ, ಜೊತೆಗೆ ಸ್ಯಾಚುರೇಶನ್ ಕೂಡ. ಹಿಂದಿನ ದಿನವಾದರೂ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವುದು ಒಳ್ಳೆಯದು. ಜ್ವರ ಬಂದು ಬಿಟ್ಟ ವಾರದಲ್ಲಿ ಮಾಡಿಸಿದ ಫೆರಿಟಿನ್ ದಾಸ್ತಾನಿನ ಬಗ್ಗೆ ಏನನ್ನೂ ಹೇಳದು. ಮೂರು ನಾಲ್ಕು ವಾರ ಕಾದು ಮತ್ತೆ ಮಾಡಿಸಬೇಕು. ನರಕ್ಕೆ ಕಬ್ಬಿಣದ ಇಂಜೆಕ್ಷನ್ ಪಡೆದವರ ಫೆರಿಟಿನ್ ಕೂಡ ಸುಮಾರು ಒಂದು ತಿಂಗಳು ವಿಪರೀತ ಮೇಲೆ ಇರುತ್ತದೆ. ಪರೀಕ್ಷೆಗೆ ಹೋದಾಗ ಇತ್ತೀಚಿನ ಜ್ವರ, ಇಂಜೆಕ್ಷನ್, ರಕ್ತ ಏರಿಸಿಕೊಂಡದ್ದು, ನುಂಗುತ್ತಿರುವ ಮಾತ್ರೆಗಳು ಇವನ್ನು ವೈದ್ಯರಿಗೆ ಹೇಳಿದರೆ ಅರ್ಧ ಗೊಂದಲ ಅಲ್ಲೇ ಪರಿಹಾರವಾಗುತ್ತದೆ.

ಮೂರನೆಯವರ ಚಿಕಿತ್ಸೆ ಎರಡೂ ಕಡೆಯಿಂದ ನಡೆಯಬೇಕು. ನೋವಿನ ಮಾತ್ರೆ ನಿಲ್ಲಿಸಿ ಹುಣ್ಣು ಮಾಯಲು ಆಮ್ಲ ತಗ್ಗಿಸುವ ಔಷಧಿ. ಸಂಧಿವಾತದ ಮೂಲಕ್ಕೇ ಕೆಲಸ ಮಾಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ, ಜೊತೆಗೆ ಫೋಲಿಕ್ ಆಮ್ಲ. ಹೆಪ್ಸಿಡಿನ್ ಇನ್ನೂ ಮೇಲಿರುವುದರಿಂದ ಬಾಯಿಯ ಐರನ್ ಮಾತ್ರೆಯ ಮೇಲೆ ಭಾರ ಹಾಕದೆ, 50 ಕಿಲೋ ತೂಕದ ಅವರಿಗೆ ಕೊರತೆಯ ಲೆಕ್ಕ ಹಾಕಿ ಸುಮಾರು 1000 ಮಿಲಿಗ್ರಾಂ ಕಬ್ಬಿಣವನ್ನು ನರದ ಮೂಲಕ ಕೊಡುತ್ತಾರೆ. ಕ್ಷಯದಂಥ ಸೋಂಕು ಜೋರಾಗಿರುವಾಗ ಇದನ್ನು ಕೊಡುವುದಿಲ್ಲ; ರೈತನಿಗೂ ಇವರಿಗೂ ಇರುವ ಇನ್ನೊಂದು ವ್ಯತ್ಯಾಸ ಅದು. ಎರಡು ತಿಂಗಳ ಮೇಲೆ ಮತ್ತೆ ನೋಡಿದಾಗ ಹಿಮೋಗ್ಲೋಬಿನ್ 11.3, ಸಿಆರ್‌ಪಿ 9, ಸೀರಂ ಐರನ್ 66, ಟಿಐಬಿಸಿ 300, ಸ್ಯಾಚುರೇಶನ್ ಶೇಕಡ 22, ಫೆರಿಟಿನ್ 140. ಉರಿಯೂತ ಇಳಿದಿರುವುದರಿಂದ ಈ 140ನ್ನು ಮೊದಲ 64ಕ್ಕಿಂತ ಹೆಚ್ಚು ನಂಬಬಹುದು. ಮುಂದಿನ ಪರೀಕ್ಷೆ ಮೂರು ತಿಂಗಳ ನಂತರ. ಅಷ್ಟರಲ್ಲಿ ಸಿಆರ್‌ಪಿ ಏರದೆ ಫೆರಿಟಿನ್ ಮತ್ತೆ 50ಕ್ಕೆ ಜಾರಿದ್ದರೆ, ಹುಣ್ಣು ಮಾಯ್ದಿಲ್ಲವೋ ಅಥವಾ ಅವರು ಗುಟ್ಟಾಗಿ ಅಂಗಡಿಯಿಂದ ನೋವಿನ ಮಾತ್ರೆ ತರಿಸಿಕೊಳ್ಳುತ್ತಿದ್ದಾರೋ ಎಂದು ಕೇಳಬೇಕಾಗುತ್ತದೆ, ದೊಡ್ಡ ಕರುಳನ್ನೂ ಕೊಲೊನೊಸ್ಕೋಪಿಯಲ್ಲಿ ನೋಡಬೇಕಾಗುತ್ತದೆ.